ಕಿಮೋ ನಂತರದ ಬಾಯಿಹುಣ್ಣು: ಮನೆಯಲ್ಲಿ ಏನು ಮಾಡಬೇಕು?

ಕ್ಯಾನ್ಸರ್‌ಗೆ ಕಿಮೋಥೆರಪಿ ಪಡೆಯುವವರಿಗೆ ಬಾಯಿಹುಣ್ಣು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿರುವಾಗ ಕಾಣಿಸಿಕೊಳ್ಳುವುದಿಲ್ಲ. ಅದು ಏಳುವುದು ಐದರಿಂದ ಹತ್ತು ದಿನಗಳ ನಂತರ, ರೋಗಿ ಮನೆಗೆ ಬಂದ ಮೇಲೆ. ನಮ್ಮ ಬಿಜ್ಜರಗಿಯಂತಹ ಊರಿನವರು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಔಷಧಿ ಹಾಕಿಸಿಕೊಂಡು ಬಂದರೆ, ಹುಣ್ಣು ಏಳುವ ಹೊತ್ತಿಗೆ ವೈದ್ಯರು ನೂರಾರು ಕಿಲೋಮೀಟರ್ ದೂರದಲ್ಲಿರುತ್ತಾರೆ. ಆಗ ನೋಡಿಕೊಳ್ಳಬೇಕಾದವರು ಮನೆಯ ಹೆಣ್ಣುಮಕ್ಕಳೇ.

ಕಾರಣ ಸರಳವಾಗಿದೆ. ಕಿಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರ್ ಕೋಶಗಳಂತೆ ಬಾಯಿ ಮತ್ತು ಗಂಟಲಿನ ಒಳಪದರದ ಕೋಶಗಳೂ ಬೇಗ ಬೆಳೆಯುವಂಥವು. ಆದ್ದರಿಂದ ಆ ಪದರವೂ ತೆಳುವಾಗಿ ಹರಿಯುತ್ತದೆ. ಹೆಚ್ಚಿನವರಲ್ಲಿ ಎರಡು ಮೂರು ವಾರಗಳಲ್ಲಿ ಅದು ತಾನಾಗಿ ಮಾಯುತ್ತದೆ.

ನನ್ನ ನಾದಿನಿಗೆ ಸ್ತನ ಕ್ಯಾನ್ಸರ್ ಆಗಿ ಮೊದಲ ಕಿಮೋ ಆದ ಆರನೆಯ ದಿನ, "ಭಾಭಿ, ಚಹಾ ಬಾಯಾಗ ಚುರ್ ಅಂತೈತಿ" ಎಂದಳು. ನೋಡಿದರೆ ಕೆನ್ನೆಯ ಒಳಭಾಗ ಕೆಂಪಾಗಿತ್ತು. ಎಂಟನೆಯ ದಿನಕ್ಕೆ ನಾಲಿಗೆಯ ಅಂಚಿನಲ್ಲಿ ಹುಣ್ಣುಗಳೆದ್ದು, ಉಗುಳು ನುಂಗುವುದೂ ಕಷ್ಟವಾಯಿತು.

ಆಸ್ಪತ್ರೆಯ ನರ್ಸ್ ಹೇಳಿಕೊಟ್ಟ ಮುಕ್ಕಳಿಸುವ ನೀರನ್ನು ಹೀಗೆ ಮಾಡಿದೆವು: ಕುದಿಸಿ ಉಗುರುಬೆಚ್ಚಗಾದ 1 ಲೀಟರ್ ನೀರಿಗೆ 1 ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು. ಬೇಕಿಂಗ್ ಪೌಡರ್ ಬೇರೆ, ಬಟ್ಟೆ ಸೋಡಾ ಬೇರೆ, ಅವುಗಳನ್ನು ಬಳಸಬಾರದು. ಉಪ್ಪು ಹೆಚ್ಚಾದರೆ ಉರಿ ಹೆಚ್ಚುತ್ತದೆ. ಒಂದು ಗುಟುಕನ್ನು ಅರ್ಧ ನಿಮಿಷ ಬಾಯಲ್ಲಿ ಮೆಲ್ಲಗೆ ಆಡಿಸಿ ಉಗುಳಬೇಕು, ನುಂಗಬಾರದು. ನಂತರ ಬರೀ ನೀರಿನಿಂದ ಬಾಯಿ ತೊಳೆಯಬೇಕು. ಪ್ರತಿ ಊಟದ ನಂತರ ಮತ್ತು ಮಲಗುವ ಮುನ್ನ ಮಾಡಬೇಕು. ನೋವು ಹೆಚ್ಚಿದ್ದರೆ ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ. ನೀರನ್ನು ದಿನಾಲೂ ಹೊಸದಾಗಿ ಮಾಡಿಕೊಳ್ಳಬೇಕು. ಇದು ಹುಣ್ಣನ್ನು ಮಾಯಿಸುವ ಔಷಧಿಯಲ್ಲ, ಬಾಯಿಯನ್ನು ಸ್ವಚ್ಛವಾಗಿಟ್ಟು ಸೋಂಕು ತಡೆಯಲು ನೆರವಾಗುವಂಥದ್ದು. ಅಂಗಡಿಯ ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಅದು ಸುಡುತ್ತದೆ.

ಮಿಸ್ವಾಕ್ ರೂಢಿ ಇದ್ದವರು ಈ ದಿನಗಳಲ್ಲಿ ಅದನ್ನು ಬದಿಗಿಟ್ಟು ತೀರಾ ಮೆತ್ತನೆಯ ಬ್ರಷ್ ಬಳಸಬೇಕು. ಒರಟು ಎಳೆ ವಸಡನ್ನು ಗೀರಿದರೆ ರೋಗಾಣು ಒಳಹೋಗಲು ದಾರಿಯಾಗುತ್ತದೆ. ನಮ್ಮ ಕಡೆ ಕೆಲ ಹಿರಿಯ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿಯಂತೂ ಕೂಡದು, ಅದು ತಂಬಾಕೇ. ರಮಝಾನ್ ಬಂದರೆ, ಹಗಲು ನೀರು, ಔಷಧಿ ಬೇಕಾದ ರೋಗಿಗೆ ಉಪವಾಸದಿಂದ ಕುರ್‌ಆನ್ ಕೊಟ್ಟಿರುವ ರಿಯಾಯಿತಿ ಇದ್ದೇ ಇದೆ. ಸಂಕೋಚಪಟ್ಟು ನೀರು ಬಿಡಬಾರದು.

ಊಟದ ವಿಷಯಕ್ಕೆ ಬಂದರೆ, ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಲಿಂಬೆ, ಉಪ್ಪಿನಕಾಯಿ ಎಲ್ಲವೂ ಹುಣ್ಣಿಗೆ ವೈರಿಗಳೇ. ಹುಳಿಯಿರುವ ದ್ರಾಕ್ಷಿಯೂ ಬೇಡ. ನಾದಿನಿಗೆ ಹಿಡಿಸಿದ್ದು ಮೆತ್ತಗೆ ಬೇಯಿಸಿದ ಹೆಸರುಬೇಳೆ ಖಿಚಡಿ, ರವೆ ಗಂಜಿ, ಶ್ಯಾವಿಗೆ ಖೀರು, ಕಿವುಚಿದ ಬಾಳೆಹಣ್ಣು, ಚೆನ್ನಾಗಿ ಬೇಯಿಸಿ ಹಾಲಿನಲ್ಲಿ ಮಸೆದ ಮೊಟ್ಟೆ. ಎಲ್ಲವನ್ನೂ ಆರಿಸಿಯೇ ಕೊಡುತ್ತಿದ್ದೆವು. ಒಮ್ಮೆಗೆ ಒಂದು ಬಟ್ಟಲು ಹೋಗದಿದ್ದರೆ ಎರಡು ಗಂಟೆಗೊಮ್ಮೆ ನಾಲ್ಕು ಚಮಚ. ನೋವಿನ ಔಷಧಿಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಊಟಕ್ಕೆ ಸ್ವಲ್ಪ ಮುಂಚೆ ಕೊಡುವುದು ಒಳ್ಳೆಯದು.

ಒಂಬತ್ತನೆಯ ದಿನ ಸಂಜೆ ಅವಳಿಗೆ ಚಳಿ ಹಿಡಿಯಿತು. ಥರ್ಮಾಮೀಟರ್ 101 ಡಿಗ್ರಿ ತೋರಿಸಿತು. ಒಂದು ಜ್ವರದ ಗುಳಿಗೆ ಕೊಟ್ಟು ಬೆಳಗಿನವರೆಗೆ ನೋಡೋಣ ಎಂದು ಹಿರಿಯರು ಹೇಳಿದರು. ನಾವು ಗುಳಿಗೆ ಕೊಡದೆ ಆಸ್ಪತ್ರೆಯ ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆವು. "ಈಗಲೇ ವಿಜಯಪುರದ ಆಸ್ಪತ್ರೆಗೆ ಕರೆದೊಯ್ಯಿರಿ, ಕಿಮೋ ಆಗಿದೆ ಎಂದು ಮೊದಲೇ ಹೇಳಿರಿ" ಎಂದರು. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ತೀರಾ ಇಳಿದಿದ್ದವು. ರಾತ್ರಿಯೇ ನರದ ಮೂಲಕ ಆ್ಯಂಟಿಬಯೋಟಿಕ್ ಆರಂಭವಾಯಿತು. ಐದನೆಯ ದಿನ ಮನೆಗೆ ಬಂದಳು, ಅಲ್‌ಹಮ್ದುಲಿಲ್ಲಾಹ್.

ಬಿಳಿ ಕಣಗಳು ಸಾಮಾನ್ಯವಾಗಿ ಇಳಿಯುವುದೂ ಹುಣ್ಣು ಏಳುವ ದಿನಗಳಲ್ಲೇ. ಹುಣ್ಣಿನ ಮೂಲಕ ರೋಗಾಣು ರಕ್ತಕ್ಕೆ ಸೇರಿದರೆ ತಡೆಯುವವರಿಲ್ಲ. ಜ್ವರದ ಗುಳಿಗೆ ಆ ಸುಳಿವನ್ನು ಮುಚ್ಚಿಬಿಡುತ್ತದೆ. ಆದ್ದರಿಂದ 100.4 ಡಿಗ್ರಿ ಮುಟ್ಟಿದರೆ, ಅಥವಾ ಜ್ವರವಿಲ್ಲದೆಯೂ ಚಳಿ ನಡುಕ ಬಂದರೆ, ರಾತ್ರಿಯಾದರೂ ಫೋನ್ ಮಾಡಬೇಕು.

ನೀರು ನುಂಗಲಾಗದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾದರೆ, ಬಾಯಿಂದ ಬರುವ ರಕ್ತ ನಿಲ್ಲದಿದ್ದರೆ ಅಂದೇ ತಿಳಿಸಬೇಕು. ನಾಲಿಗೆಯ ಮೇಲೆ ಮೊಸರಿನಂಥ ಬಿಳಿ ಪದರ ಕಂಡರೂ ಹೇಳಬೇಕು. ಅದು ಶಿಲೀಂಧ್ರದ ಸೋಂಕಾಗಿರಬಹುದು, ಅದಕ್ಕೆ ಬೇರೆಯೇ ಔಷಧಿ ಇದೆ. ಉಸಿರಾಟ ಕಷ್ಟವಾದರೆ ಫೋನಿಗೂ ಕಾಯದೆ ಹತ್ತಿರದ ಆಸ್ಪತ್ರೆಗೆ ಹೊರಡಬೇಕು.

ಮುಂದಿನ ಕಿಮೋಗೆ ಹೋದಾಗ ಎಷ್ಟನೆಯ ದಿನ ಹುಣ್ಣು ಎದ್ದಿತು, ಎಷ್ಟು ದಿನ ಊಟ ನಿಂತಿತು ಎಂಬುದನ್ನು ಬರೆದುಕೊಂಡು ವೈದ್ಯರಿಗೆ ತೋರಿಸಿರಿ. ಅದನ್ನು ನೋಡಿ ಅವರು ಔಷಧಿಯ ಪ್ರಮಾಣ ಬದಲಿಸಬಹುದು. ನಾದಿನಿಗೆ ಎರಡನೆಯ ಸಲ ಮೊದಲ ದಿನದಿಂದಲೇ ಮುಕ್ಕಳಿಸಲು ಹೇಳಿದರು. ಹುಣ್ಣು ಎದ್ದವು, ಆದರೆ ಖಿಚಡಿ ನಿಲ್ಲಲಿಲ್ಲ.