ಒಂದು ಸೀಟಿನ ಲೆಕ್ಕ

"ಮಿಸ್, ಒಟ್ಟು ಎಷ್ಟಾಗುತ್ತೋ ಒಂದೇ ಸಲ ಹೇಳಿಬಿಡಿ. ಆಮೇಲೆ ಮತ್ತೆ ಕೇಳಿದ್ರೆ ನನ್ ಕೈಲಿ ಆಗಲ್ಲ."

ಗಾರ್ಮೆಂಟ್ಸ್‌ಗೆ ಹೋಗುವ ಆ ತಾಯಿ ಹೀಗೆ ಕೇಳಿದಾಗ ನಾನು ಧೈರ್ಯವಾಗಿ "ಮುನ್ನೂರ ನಲವತ್ತು" ಅಂದೆ. ತುಮಕೂರಿನ ನಮ್ಮ ಶಾಲೆಯಿಂದ ಚಿತ್ರದುರ್ಗದ ಕೋಟೆಗೆ ಒಂದು ದಿನದ ಪ್ರವಾಸ. ನಾನು ಟೀಚರಾಗಿ ಸೇರಿದ ಮೊದಲ ವರ್ಷ, ದುಡ್ಡಿನ ಜವಾಬ್ದಾರಿ ನನ್ನದೇ.

ಬಸ್ಸಿನವರು ಕಿಲೋಮೀಟರಿಗೆ 50 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಅಂದಿದ್ದರು. ಹೋಗಿ ಬರಲು 276 ಕಿಲೋಮೀಟರ್, ಅಂದರೆ 15,000ದಲ್ಲಿ ಮುಗೀತು ಅಂದುಕೊಂಡೆ. 42 ಮಕ್ಕಳು, ಮೂವರು ಟೀಚರ್‌ಗಳು. 45ರಿಂದ ಭಾಗಿಸಿದರೆ 333. ಸ್ವಲ್ಪ ಮೇಲಕ್ಕೆ ಹಾಕಿ 340 ಮಾಡಿದೆ.

ಬಿಲ್ ಬಂದಾಗ 18,500! ಕಿಲೋಮೀಟರ್ ಎಣಿಸೋದು ಶಾಲೆಯ ಗೇಟಿನಿಂದಲ್ಲ, ಬಸ್ ನಿಲ್ಲುವ ಶೆಡ್‌ನಿಂದ. ಖಾಲಿ ಬಂದು ಖಾಲಿ ಹೋದ 42 ಕಿಲೋಮೀಟರ್ ಸೇರಿ 318 ಆಗಿತ್ತು, ಬಾಡಿಗೆಯೇ 15,900. ಡ್ರೈವರ್ ಬಾಟಾ 600, ಕ್ಲೀನರ್‌ಗೆ 400, ಟೋಲ್ 1,400, ಪಾರ್ಕಿಂಗ್ 200. ಇದ್ಯಾವುದೂ ಬಾಡಿಗೆಯೊಳಗೆ ಇರಲಿಲ್ಲ, ನಾನೂ ಕೇಳಿರಲಿಲ್ಲ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಟೀಚರ್‌ಗಳು ದುಡ್ಡು ಕೊಡಲ್ಲ ಅಂತ ಗೊತ್ತಿದ್ದೂ ಅವರನ್ನು ಸೇರಿಸಿ ಭಾಗಿಸಿದ್ದೆ. ಅದರ ಮೇಲೆ ಹಿಂದಿನ ರಾತ್ರಿ ಇಬ್ಬರು ಮಕ್ಕಳಿಗೆ ಜ್ವರ. ಅವರ ಹಣ ವಾಪಸ್ ಕೊಟ್ಟೆ. ಮಕ್ಕಳು ಕಡಿಮೆಯಾದರೆ ಬಸ್ಸಿನ ಬಾಡಿಗೆ ಕಡಿಮೆಯಾಗುತ್ತಾ? ಕೈಯಲ್ಲಿ ಉಳಿದದ್ದು 13,600, ಕಡಿಮೆ ಬಿದ್ದದ್ದು 4,900. ಆ ತಾಯಿಯ ಮಾತು ನೆನಪಾಗಿ ಯಾರನ್ನೂ ಮತ್ತೆ ಕೇಳಲಿಲ್ಲ. ಆ ತಿಂಗಳ ನನ್ನ ಸಂಬಳದಲ್ಲೇ ತುಂಬಿದೆ.

ಮುಂದಿನ ವರ್ಷ ಅದೇ ದಾರಿ, ಅದೇ ದರ. ಈ ಸಲ ಬಸ್ಸಿನವರ ಹತ್ತಿರ ಎಲ್ಲವನ್ನೂ ಬಿಡಿಸಿ ಬರೆಸಿಕೊಂಡೆ: ಶೆಡ್‌ನಿಂದ ಶೆಡ್‌ಗೆ ಎಷ್ಟು ಕಿಲೋಮೀಟರ್, ಬಾಟಾ ಯಾರ್ಯಾರಿಗೆ, ಟೋಲ್ ಯಾರದ್ದು. ರಾತ್ರಿ ಹನ್ನೆರಡು ದಾಟಿದರೆ ಎರಡನೇ ದಿನದ ಬಾಡಿಗೆ ಬೀಳುತ್ತೆ ಅಂತ ಗೊತ್ತಾಗಿದ್ದೂ ಆಗಲೇ. ಹೊರಡುವ ಮುಂಚೆ ಮೀಟರಿನ ಫೋಟೋ ತೆಗೆದುಕೊಂಡೆ.

ಹೆಸರು ಕೊಟ್ಟವರು 42 ಮಕ್ಕಳು. ಇಬ್ಬರು ಬರದೇ ಇರಬಹುದು ಅಂತ 40ರಿಂದ ಭಾಗಿಸಿದೆ. 18,500ಕ್ಕೆ ತಲಾ 462 ರೂಪಾಯಿ 50 ಪೈಸೆ. 470 ಅಂತ ಚೀಟಿ ಕಳಿಸಿದೆ, ಹಿಂದೆ ಪೂರ್ತಿ ಲೆಕ್ಕ ಬರೆದು. ಈ ಸಲ 42 ಮಕ್ಕಳೂ ಬಂದರು. 19,740 ಸೇರಿತ್ತು, 1,240 ಉಳಿಯಿತು. ತಲಾ 29 ರೂಪಾಯಿ ವಾಪಸ್ ಕೊಟ್ಟೆವು.

ಆ ತಾಯಿ ಚಿಲ್ಲರೆ ಎಣಿಸುತ್ತಾ ಕೇಳಿದರು, "ಇದೇನ್ ಮಿಸ್, ವಾಪಸ್ಸೂ ಕೊಡ್ತೀರಾ?"