ಹತ್ತು ಹುಲ್ಲು, ಹದಿನೈದು ಖಾನೆ

ನಮ್ಮ ಊರಿನ ಹುಡುಗನೊಬ್ಬ ವರ್ಷದಿಂದ ಒಂದು ಫೋನ್ ಗೇಮ್ ಮಾಡುತ್ತಿದ್ದಾನೆ. ಕಾಡಲ್ಲಿ ಸಿಕ್ಕಿಹಾಕಿಕೊಂಡವನು ಸಿಕ್ಕಿದ್ದನ್ನು ಹೆಕ್ಕಿ, ಅದರಲ್ಲೇ ಏನೇನೋ ತಯಾರಿಸಿಕೊಂಡು ಜೀವ ಉಳಿಸಿಕೊಳ್ಳುವ ಆಟ. ಅಡಿಕೆ ಸುಲಿಯುವ ದಿನಗಳಲ್ಲೂ ಇವನು ಲ್ಯಾಪ್‌ಟಾಪ್ ಮುಂದೆಯೇ ಕೂತಿರುವುದನ್ನು ನೋಡಿ ಅವರಪ್ಪ ಸುಗ್ಗಿ ಮುಗಿಯುವವರೆಗೆ ಗಡುವು ಕೊಟ್ಟಿದ್ದಾರೆ. ಆಡಿ ನೋಡಿ ಅಂತ ನಮಗೂ ಇನ್ನು ಮೂವರಿಗೂ ಕಳಿಸಿದ್ದ. ಮೊದಲ ಸಂಜೆ ಚೆನ್ನಾಗಿತ್ತು. ಎರಡನೇ ಸಂಜೆ ನಾಲ್ವರಲ್ಲಿ ಒಬ್ಬರೂ ಅದನ್ನು ತೆರೆಯಲಿಲ್ಲ.

"ಅಣ್ಣಾ, ಐಟಂ ಕಡಿಮೆ ಆಯ್ತಾ? ಇನ್ನೊಂದಿಪ್ಪತ್ತು ಸೇರಿಸ್ಲಾ?" ಅಂದ. ಅದರಲ್ಲಿ ಆಗಲೇ ಅರವತ್ತು ಚಿಲ್ಲರೆ ಐಟಂ ಇದ್ದವು. ನಾವು ಉತ್ತರ ಹೇಳುವ ಬದಲು, ಡೋಂಟ್ ಸ್ಟಾರ್ವ್ ಆಡು, ಮೊದಲ ದಿನ ಹುಲ್ಲು ಎಣಿಸಿಕೊಂಡು ಬಾ ಅಂದೆವು.

ಡೋಂಟ್ ಸ್ಟಾರ್ವ್ ಅನ್ನು ಕೆನಡಾದ ವ್ಯಾಂಕೂವರಿನ ಕ್ಲೈ ಅನ್ನುವ ಕಂಪನಿ 2013ರಲ್ಲಿ ತಂದಿತು. ಈಗ ಫೋನಿಗೂ ಇದೆ. ಅದರ ಒಂದು ದಿನ ಅಂದರೆ ನಮ್ಮ 8 ನಿಮಿಷ. ಕತ್ತಲಾದಾಗ ಕೈಯಲ್ಲಿ ಬೆಳಕು ಇಲ್ಲದಿದ್ದರೆ ಸತ್ತಂತೆಯೇ. ಹುಲ್ಲು, ಕಡ್ಡಿ ದಾರಿಯುದ್ದಕ್ಕೂ ಸಿಗುತ್ತವೆ. ಎರಡು ಹುಲ್ಲು, ಎರಡು ಕಡ್ಡಿ ಸೇರಿಸಿದರೆ ಒಂದು ಪಂಜು. ಅದು ಉರಿಯುವುದು 75 ಸೆಕೆಂಡು ಮಾತ್ರ.

ಈಗ ಒಂದು ಲೆಕ್ಕ ಹಾಕೋಣ. ಹೊತ್ತು ಮುಳುಗುತ್ತಿದೆ, ನಿಮ್ಮ ಹತ್ತಿರ ಹತ್ತು ಹುಲ್ಲು ಇದೆ, ಕಡ್ಡಿ ಧಾರಾಳ ಇದೆ. ಬೆನ್ನಿಗೆ ಚೀಲ ಬೇಕೆಂದರೆ ನಾಲ್ಕು ಹುಲ್ಲು, ನಾಲ್ಕು ಕಡ್ಡಿ. ಮೊಲ ಹಿಡಿಯುವ ಬೋನಿಗೆ ಆರು ಹುಲ್ಲು. ಇವೆರಡನ್ನೂ ಮಾಡಿದಿರೋ, ಹತ್ತೂ ಖಾಲಿ, ಪಂಜಿಗೆ ಹುಲ್ಲಿಲ್ಲ. ಸೌದೆ ಇದ್ದರೂ ಬೆಂಕಿ ಹಾಕುವ ಹಾಗಿಲ್ಲ, ಅದಕ್ಕೂ ಮೂರು ಹುಲ್ಲು ಬೇಕು. ಬೋನು ಬಿಟ್ಟು ಮರದ ಕವಚ ಮಾಡೋಣ ಅಂದರೆ ಎಂಟು ಮರದ ತುಂಡಿನ ಜೊತೆ ಎರಡು ಹಗ್ಗ ಬೇಕು, ಒಂದೊಂದು ಹಗ್ಗಕ್ಕೆ ಮೂರು ಹುಲ್ಲು. ಅಲ್ಲಿಗೂ ಆರು ಹೋಯಿತು. ಹೇಗೆ ತಿರುಗಿಸಿದರೂ ಎರಡು ಕೆಲಸ ಆಗುತ್ತದೆ, ಮೂರನೆಯದು ಉಳಿಯುತ್ತದೆ.

ಹುಲ್ಲು ಅಪರೂಪದ ವಸ್ತುವಲ್ಲ ನೋಡಿ. ಕಾಲಿಗೆ ತೊಡರುವಷ್ಟು ಇದೆ. ಆದರೂ ಹತ್ತನೇ ದಿನವೂ ಒಂದು ಹುಲ್ಲಿನ ಬುಡ ಕಂಡರೆ ಕೈ ತಾನಾಗಿ ಅತ್ತ ಹೋಗುತ್ತದೆ. ಅದನ್ನು ಕೇಳುವವರು ಐದಾರು ಜನ ಇದ್ದಾರೆ ಅನ್ನುವುದೇ ಕಾರಣ. ಹುಡುಗನ ಆಟದಲ್ಲಿ ಇದು ಉಲ್ಟಾ ಆಗಿತ್ತು. ನಾರು ಹಗ್ಗಕ್ಕೆ ಮಾತ್ರ, ರಾಳ ದೀಪಕ್ಕೆ ಮಾತ್ರ, ಮುಳ್ಳು ಗಾಳಕ್ಕೆ ಮಾತ್ರ. ಒಂದು ಗಾಳ ಆದ ಮೇಲೆ ಮುಳ್ಳು ಕಸ. ಕಾಡು ತುಂಬ ಐಟಂ ಇದ್ದರೂ ನಾವು ಬಗ್ಗಿ ನೋಡದೆ ನಡೆಯುತ್ತಿದ್ದೆವು. ಆಡುವವನು ಇದ್ದದ್ದನ್ನೆಲ್ಲ ಕಣ್ಣುಮುಚ್ಚಿ ಹೆಕ್ಕುತ್ತಿದ್ದರೆ, ಇಲ್ಲವೇ ಯಾವುದನ್ನೂ ಹೆಕ್ಕದೆ ಮುಂದೆ ಹೋಗುತ್ತಿದ್ದರೆ, ರೆಸಿಪಿಯಲ್ಲೇ ಕೊರತೆ ಇದೆ ಅಂತ ತಿಳಿಯಬೇಕು.

ಅದೇ 2013ರಲ್ಲಿ ಬಂದ ದಿ ಲಾಸ್ಟ್ ಆಫ್ ಅಸ್ ಇದನ್ನು ಇನ್ನೂ ಬಿಗಿ ಮಾಡಿತ್ತು. ಅದರಲ್ಲಿ ಸ್ಪಿರಿಟ್ಟು, ಬಟ್ಟೆ ಚೂರು ಸೇರಿದರೆ ಗಾಯಕ್ಕೆ ಮದ್ದು. ಅವೇ ಎರಡು ಸೇರಿದರೆ ಎಸೆಯುವ ಬೆಂಕಿ ಬಾಟಲಿಯೂ ಹೌದು. ಎದುರಾಳಿಯನ್ನು ಸುಡಬೇಕೋ, ನಿಮ್ಮ ಗಾಯ ಕಟ್ಟಿಕೊಳ್ಳಬೇಕೋ, ಆ ಕ್ಷಣದಲ್ಲಿ ನೀವೇ ಹೇಳಬೇಕು.

ಇನ್ನು ಬ್ಯಾಗಿನ ವಿಷಯ. ನಮಗೆ ಹೆಚ್ಚು ಇಷ್ಟವಾದದ್ದು ಇದೇ. ಡೋಂಟ್ ಸ್ಟಾರ್ವ್‌ನಲ್ಲಿ ತೂಕದ ಲೆಕ್ಕ ಇಲ್ಲ. ಹದಿನೈದು ಖಾನೆ, ಅಷ್ಟೇ. ಒಂದು ಖಾನೆಯಲ್ಲಿ ಹುಲ್ಲಾದರೆ 40 ಹಿಡಿಯುತ್ತದೆ, ಮರದ ತುಂಡಾದರೆ 20. ಆದರೆ ಒಂದೇ ಒಂದು ಹೂವಿನ ಎಸಳು ಇಟ್ಟರೂ ಒಂದು ಖಾನೆ ಹೋದಂತೆ. ಹುಲ್ಲು, ಕಡ್ಡಿ, ಮರ, ಚಕಮಕಿ ಕಲ್ಲು, ಸಾದಾ ಕಲ್ಲು, ಚಿನ್ನದ ಚೂರು, ಬೆರ್ರಿ ಹಣ್ಣು, ಗಜ್ಜರಿ, ಬೀಜ, ಪೈನ್ ಕಾಯಿ, ಎಸಳು, ಮಾಂಸ. ಇಲ್ಲಿಗೆ ಹನ್ನೆರಡು. ಕೊಡಲಿ ಕೈಯಲ್ಲಿದೆ ಅಂದುಕೊಳ್ಳಿ. ಪಿಕಾಸಿ, ಬೋನು, ಪಂಜು ಸೇರಿ ಹದಿನೈದು ಭರ್ತಿ. ಆಗ ದಾರಿಯಲ್ಲಿ ಜೇಡದ ರೇಷ್ಮೆ ಬಿದ್ದಿರುತ್ತದೆ. ಏನನ್ನು ಬಿಡುತ್ತೀರಿ? ಎರಡು ಬೀಜವನ್ನು ಅಲ್ಲೇ ತಿಂದು ಜಾಗ ಮಾಡುತ್ತೀರಿ, ಇಲ್ಲವೇ ಪೈನ್ ಕಾಯಿ ನೆಟ್ಟುಬಿಡುತ್ತೀರಿ. ತೂಕದ ಮಿತಿ ಇದ್ದಿದ್ದರೆ ಹಗುರವಾದ ಚಿಲ್ಲರೆಯನ್ನೆಲ್ಲ ಹೊತ್ತುಕೊಂಡೇ ತಿರುಗುತ್ತಿದ್ದೆವು. ಹುಡುಗನ ಆಟದಲ್ಲಿ ಆಗಿದ್ದೂ ಅದೇ. ಬ್ಯಾಗಿಗೆ ತೂಕದ ಮಿತಿ ಇತ್ತು, ಆದರೆ ಅದು ತುಂಬುವುದನ್ನು ನಾವು ಯಾರೂ ಕಾಣಲಿಲ್ಲ.

ಬೆನ್ನಿನ ಚೀಲ ಹಾಕಿಕೊಂಡರೆ ಎಂಟು ಖಾನೆ ಹೆಚ್ಚಾಗುತ್ತವೆ. ಆದರೆ ಅದು ಕೂರುವುದು ಮೈಮೇಲಿನ ಜಾಗದಲ್ಲಿ. ಮರದ ಕವಚವೂ ಅಲ್ಲೇ ಕೂರಬೇಕು. ಹೊರೆ ಹೊರುವವನಿಗೆ ರಕ್ಷಣೆ ಇಲ್ಲ, ರಕ್ಷಣೆ ಬೇಕಾದವನಿಗೆ ಹೊರೆ ಇಲ್ಲ. ಪಳಗಿದವರು ಜಗಳ ಬಂದಾಗ ಚೀಲವನ್ನು ನೆಲಕ್ಕಿಟ್ಟು ಕವಚ ತೊಟ್ಟು ಹೊಡೆದಾಡಿ, ಮತ್ತೆ ಚೀಲ ಎತ್ತಿಕೊಳ್ಳುತ್ತಾರೆ. ಒಳಗಿನ ಸಾಮಾನು ಹಾಗೇ ಇರುತ್ತದೆ. ಕವಚವನ್ನು ಅಷ್ಟು ಹೊತ್ತು ಇಟ್ಟುಕೊಳ್ಳಲು ಒಂದು ಖಾನೆ ಬೇಕು ಅನ್ನುವುದನ್ನು ಮಾತ್ರ ಮರೆಯಬಾರದು.

ಇದಕ್ಕೂ ಒಂದು ಕೊನೆ ಇದೆ. ಒಂದು ಕಡೆ ನೆಲೆ ನಿಂತು ಪೆಟ್ಟಿಗೆ ಮಾಡಿಕೊಂಡರೆ ಒಂದೊಂದರಲ್ಲಿ ಒಂಬತ್ತು ಖಾನೆ ಸಿಗುತ್ತವೆ. ಪೆಟ್ಟಿಗೆಗೆ ಮೂರು ಹಲಗೆ, ಹಲಗೆಗೆ ನಾಲ್ಕು ತುಂಡಿನಂತೆ ಹನ್ನೆರಡು ತುಂಡು. ಕವಚದ ಎಂಟು ಸೇರಿದರೆ ಒಂದು ಖಾನೆಯ ಇಪ್ಪತ್ತು ತುಂಡು ಸರಿಯಾಗಿ ಮುಗಿಯುತ್ತದೆ. ಐದಾರು ಪೆಟ್ಟಿಗೆ ಆದ ಮೇಲೆ ಹೆಕ್ಕುವ ಹಸಿವು ಸಹಜವಾಗಿ ತಗ್ಗುತ್ತದೆ. ಹುಲ್ಲಿನ ಬುಡವನ್ನೇ ಅಗೆದು ತಂದು ಮನೆ ಮುಂದೆ ನೆಟ್ಟುಕೊಳ್ಳಬಹುದು. ಆಗ ಕಾಡಿಗೇಕೆ ಹೋಗಬೇಕು? ಆಟ ಮಾಡಿದವರಿಗೆ ಇದು ಗೊತ್ತಿತ್ತು. ಕಿತ್ತು ನೆಟ್ಟ ಹುಲ್ಲಿಗೆ ಗೊಬ್ಬರ ಬೇಕು, ಗೊಬ್ಬರಕ್ಕೆ ಕಾಡೆಮ್ಮೆಯಂಥ ಪ್ರಾಣಿಯ ಹಿಂಡನ್ನು ಹುಡುಕಿ ಹೋಗಬೇಕು. ಚಳಿಗಾಲದಲ್ಲಿ ಹುಲ್ಲು ಬೆಳೆಯುವುದೇ ಇಲ್ಲ. ಹಣ್ಣು ಕೂಡಿಡೋಣ ಅಂದರೆ ಕೊಳೆಯುತ್ತದೆ. ಹಳೆಯದರ ಖಾನೆಗೆ ಹೊಸದನ್ನು ಸೇರಿಸಿದರೆ ಎರಡರ ತಾಜಾತನವೂ ಸರಾಸರಿಗೆ ಬರುತ್ತದೆ. ಇಷ್ಟಾದರೂ ನಾವು ಕಂಡಂತೆ ಮೊದಲ ಚಳಿಗಾಲ ದಾಟಿದವನು ಹುಲ್ಲಿಗಾಗಿ ಮೊದಲ ದಿನದಷ್ಟು ತವಕಪಡುವುದಿಲ್ಲ. ಎಷ್ಟೇ ಜಾಣ ರೆಸಿಪಿ ಆದರೂ ಅದರ ಬಲ ಅಲ್ಲಿಯವರೆಗೆ ಮಾತ್ರ.

ಹುಡುಗ ವಾರ ಬಿಟ್ಟು ಬಂದ. ಹುಲ್ಲು ಎಣಿಸಿದ್ದ. ಅರವತ್ತು ಚಿಲ್ಲರೆ ಐಟಂ ಇದ್ದದ್ದನ್ನು ಹತ್ತೊಂಬತ್ತಕ್ಕೆ ಇಳಿಸಿದ. ಎರಡು ತಿಂಗಳು ಕೂತು ಬರೆದ ಚಿತ್ರಗಳನ್ನು ಅಳಿಸುವಾಗ ಮುಖ ಸಣ್ಣದಾಗಿತ್ತು. ಈಗ ನಾರೊಂದನ್ನೇ ಹಗ್ಗ, ಬತ್ತಿ, ಗಾಳ, ಗಾಯದ ಪಟ್ಟಿ ನಾಲ್ಕೂ ಕೇಳುತ್ತವೆ. ಬ್ಯಾಗಿನಲ್ಲಿ ಹನ್ನೆರಡು ಖಾನೆ.

ಹೊಸ ತೊಂದರೆಯೂ ಬಂದಿದೆ. ಮೊದಲ ಸಲ ಆಡುವವರು ನಾರನ್ನೆಲ್ಲ ಹಗ್ಗ ಮಾಡಿಬಿಡುತ್ತಾರೆ, ಬತ್ತಿಗೆ ಉಳಿಯುವುದಿಲ್ಲ, ಮೊದಲ ರಾತ್ರಿಯೇ ಸಾಯುತ್ತಾರೆ. ಹಗ್ಗ ಬಿಚ್ಚಿದರೆ ಅರ್ಧ ನಾರು ವಾಪಸ್ ಸಿಗುವಂತೆ ಮಾಡಲೋ ಬೇಡವೋ ಅಂತ ಮೊನ್ನೆ ಕೇಳಿದ. ಅರ್ಧ ಬೇಡ, ಮೂರಕ್ಕೆ ಒಂದು ಕೊಡು ಅಂದೆವು. ಇನ್ನೂ ಒಪ್ಪಿಲ್ಲ. ಸುಗ್ಗಿ ಮುಗಿಯಲು ಐದು ವಾರ ಇದೆ.