‘ಇಂದ’ ಬರಬೇಕಾದಲ್ಲಿ ‘ಜೊತೆ’ ಬಂದರೆ

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಮೂವರು ಮಕ್ಕಳು ಕನ್ನಡ ಕಲಿಯಲು ಬರುತ್ತಾರೆ. ಇಬ್ಬರು ಆರನೇ ತರಗತಿ, ಒಬ್ಬಳು ಏಳನೇ ತರಗತಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮತ್ತು ಆಟದಲ್ಲಿ ತೆಲುಗು. ವಿಭಕ್ತಿ ಪ್ರತ್ಯಯಗಳನ್ನು ಮೂವರೂ ಬಾಯಿಪಾಠ ಒಪ್ಪಿಸುತ್ತಾರೆ: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಆದರೆ ವಾಕ್ಯ ಬರೆಯಿರಿ ಎಂದರೆ ‘ಚಾಕು ಜೊತೆ ಹಣ್ಣು ಕತ್ತರಿಸಿದೆ’ ಎಂದು ಬರೆಯುತ್ತಾರೆ.

ಇದು ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಿಲ್ಲ. ತೆಲುಗಿನಲ್ಲಿ ‘ಕತ್ತಿತೋ’ ಎಂದರೆ ಚಾಕುವಿನಿಂದ, ‘ಅಮ್ಮತೋ’ ಎಂದರೆ ಅಮ್ಮನ ಜೊತೆ. ಉಪಕರಣಕ್ಕೂ ಒಡನಾಟಕ್ಕೂ ಒಂದೇ ‘ತೋ’. ಹೊರಟ ಜಾಗ ಹೇಳಲು ‘ನುಂಚಿ’, ಕಾರಣ ಹೇಳಲು ‘ವಲ್ಲ’ ಎಂಬ ಬೇರೆ ಪದಗಳಿವೆ. ಕನ್ನಡ ಗೆರೆ ಎಳೆದಿರುವುದು ಬೇರೆ ಕಡೆ. ಉಪಕರಣ, ಹೊರಟ ಜಾಗ, ಕಾರಣ ಮೂರಕ್ಕೂ ನಮ್ಮಲ್ಲಿ ‘ಇಂದ’ ಸಾಕು. ಒಡನಾಟಕ್ಕೆ ಮಾತ್ರ ‘ಜೊತೆ’ ಬೇಕು. ಹೀಗಾಗಿ ‘ತೋ’ ಬಂದಲ್ಲೆಲ್ಲ ‘ಜೊತೆ’ ಹಾಕುವ ಮಗುವಿನ ಲೆಕ್ಕ ಅರ್ಧ ಸರಿ, ಅರ್ಧ ತಪ್ಪು.

ಈ ತಪ್ಪನ್ನು ಬರೀ ‘ಜೊತೆ ಅಲ್ಲ, ಇಂದ’ ಎಂದು ತಿದ್ದಿದರೆ ಇನ್ನೊಂದು ತಪ್ಪು ಹುಟ್ಟುತ್ತದೆ. ಮನೆಯಲ್ಲಿ ಹಾಗೆ ತಿದ್ದಿಸಿಕೊಂಡ ಏಳನೇ ತರಗತಿಯ ಹುಡುಗಿ ದಾವಣಗೆರೆಯ ಅಜ್ಜಿಗೆ ಫೋನಿನಲ್ಲಿ, ‘ಅಜ್ಜಿ, ತಮ್ಮನಿಂದ ಸೈಕಲ್ ಮೇಲೆ ಹೋಗ್ತಾ ಬಿದ್ದೆ’ ಎಂದಳು. ಅವಳು ಹೇಳಬೇಕೆಂದಿದ್ದು ತಮ್ಮನ ಜೊತೆ ಹೋಗುವಾಗ ಬಿದ್ದೆ ಎಂದು. ಅಜ್ಜಿಗೆ ಕೇಳಿಸಿದ್ದು ತಮ್ಮನ ದೆಸೆಯಿಂದ ಬಿದ್ದೆ ಎಂದು. ತಮ್ಮನನ್ನು ಕರೆಸಿ, ‘ಅಕ್ಕನ್ನ ಯಾಕೋ ಬೀಳಿಸಿದೆ?’ ಎಂದು ಬೈದರು. ಏನೂ ಮಾಡದ ಹುಡುಗ ಅತ್ತುಬಿಟ್ಟ. ಆ ಮೇಲೆ ಆ ಹುಡುಗಿ ಎರಡು ವಾರ ಅಜ್ಜಿಯ ಹತ್ತಿರ ಕನ್ನಡ ಮಾತಾಡಲು ಹಿಂಜರಿದಳು. ನನಗೆ ಚಿಂತೆಯಾದದ್ದು ಅದಕ್ಕೇ. ಜನರ ಹೆಸರಿಗೆ ‘ಇಂದ’ ಸೇರಿದರೆ ಬಹಳ ಸಲ ಅದು ಕಾರಣವನ್ನೇ ಹೇಳುತ್ತದೆ.

ಪಠ್ಯದ ಕೋಷ್ಟಕ ಇಲ್ಲಿ ನೆರವಾಗುವುದಿಲ್ಲ. ಸಂಸ್ಕೃತದ ಏಳು ಮನೆ ತುಂಬಲು ಪಂಚಮಿಗೆ ‘ದೆಸೆಯಿಂದ’ ಎಂದು ಕೊಟ್ಟಿದ್ದಾರೆ. ‘ಮರದ ದೆಸೆಯಿಂದ ಎಲೆ ಬಿತ್ತು’ ಎಂದು ಯಾರೂ ಆಡುವುದಿಲ್ಲ, ಮರದಿಂದಲೇ ಬೀಳುತ್ತದೆ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ತೃತೀಯೆಗೆ ‘ಇಂ’, ಪಂಚಮಿಗೆ ‘ಅತ್ತಣಿಂ’ ಎಂದು ಹೇಳಿದ್ದಾನೆ. ಆ ‘ಅತ್ತಣಿಂ’ ಕೊನೆಯಲ್ಲೂ ಅದೇ ‘ಇಂ’ ಇದೆ.

ಹಾಗಾಗಿ ನಾನು ಕೋಷ್ಟಕ ಬದಿಗಿಟ್ಟು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಏನನ್ನು ಬಳಸಿ? ಎಲ್ಲಿಂದ? ಯಾವ ಕಾರಣದಿಂದ? ಈ ಮೂರರಲ್ಲಿ ಯಾವುದಕ್ಕೆ ಉತ್ತರವಾದರೂ ‘ಇಂದ’. ಯಾರ ಸಂಗಡ? ಎಂಬುದಕ್ಕೆ ಉತ್ತರವಾದರೆ ‘ಜೊತೆ’. ಅನುಮಾನ ಬಂದರೆ ‘ಬಳಸಿ’ ಹಾಕಿ ನೋಡಬೇಕು. ‘ಚಾಕು ಬಳಸಿ ಕತ್ತರಿಸಿದೆ’ ಸರಿಹೋಗುತ್ತದೆ, ‘ತಮ್ಮನನ್ನು ಬಳಸಿ ಹೋದೆ’ ಎಂದರೆ ಮಕ್ಕಳೇ ನಗುತ್ತಾರೆ.

ಆಮೇಲೆ ಅಂಟಿಸುವ ಕೆಲಸ. ಇ, ಎ ಕೊನೆಯಾದರೆ ‘ಯ’ ಬರುತ್ತದೆ: ಕತ್ತರಿಯಿಂದ, ಮನೆಯಿಂದ. ‘ಅ’ ಕೊನೆಯಾದರೆ ವಸ್ತುವಿಗೆ ‘ದ’, ಮನುಷ್ಯರಿಗೆ ‘ನ’: ಮರದಿಂದ, ಅಣ್ಣನಿಂದ. ‘ಉ’ ಕೊನೆಯ ವಸ್ತುವಿಗೆ ‘ಇನ’: ಊರಿನಿಂದ, ಚಾಕುವಿನಿಂದ. ಬಸ್ಸು, ಪೆನ್ನು ಕೂಡ ಇದೇ ದಾರಿ ಹಿಡಿಯುತ್ತವೆ. ತೆಲುಗಿನ ‘ನುಂಚಿ’ ಬಿಡಿಯಾಗಿ ನಿಲ್ಲುವುದರಿಂದ ಈ ಮಕ್ಕಳು ‘ಮರ ಇಂದ’ ಎಂದು ಬಿಡಿಸಿ ಬರೆಯುತ್ತಾರೆ. ನಡುವಿನ ‘ದ’ ಬಿಟ್ಟುಹೋಗಿದ್ದರೆ ಕಾರಣ ಇದೇ ಎಂದು ತಿಳಿಯಬಹುದು.

ಒಂದು ಎಚ್ಚರಿಕೆಯೂ ಬೇಕು. ಮನೆಮಾತಿನಲ್ಲಿ ನಾವೇ ‘ಪೆನ್ನಲ್ಲಿ ಬರಿ’, ‘ಚಾಕೂಲಿ ಹೆಚ್ಚು’ ಅನ್ನುತ್ತೇವೆ. ಅದು ಕನ್ನಡದ್ದೇ ಬಳಕೆ. ಅದನ್ನು ತಪ್ಪೆಂದು ಗೆರೆ ಹಾಕಬಾರದು. ಪರೀಕ್ಷೆಯಲ್ಲಿ ತೃತೀಯಾ ಕೇಳಿದರೆ ‘ಪೆನ್ನಿನಿಂದ’ ಎಂದು ಬರೆಯಬೇಕೆಂದಷ್ಟೇ ಹೇಳಿಕೊಟ್ಟರೆ ಸಾಕು.

ನಿಮ್ಮ ಮನೆಯ ಮಕ್ಕಳಿಗೂ ಇದನ್ನು ಕೊಟ್ಟು ನೋಡಿ. ‘ನಾನು ಅಪ್ಪ ___ ಹೊರಟೆ. ಬೆಂಜ್ ಸರ್ಕಲ್ ___ ಆಟೊ ಹಿಡಿದು ಪ್ರಕಾಶಂ ಬ್ಯಾರೇಜಿಗೆ ಹೋದೆವು. ಜ್ವರ ___ ತಮ್ಮ ಬರಲಿಲ್ಲ. ಅಮ್ಮ ಕೊಟ್ಟ ಚಾಕು ___ ಸೀಬೆಹಣ್ಣು ಹೆಚ್ಚಿ ತಿಂದೆವು.’ ಉತ್ತರ: ಅಪ್ಪನ ಜೊತೆ, ಬೆಂಜ್ ಸರ್ಕಲ್‌ನಿಂದ, ಜ್ವರದಿಂದ, ಚಾಕುವಿನಿಂದ. ಬರೆದ ಮೇಲೆ ‘ಅಪ್ಪನ ಜೊತೆ’ ತೆಗೆದು ‘ಅಪ್ಪನಿಂದ’ ಹಾಕಿ ಗಟ್ಟಿಯಾಗಿ ಓದಿಸಿ. ಅರ್ಥ ಏನಾಯಿತು ಎಂದು ಮಗುವೇ ಹೇಳಿದರೆ ಪಾಠ ಹತ್ತಿದೆ ಎಂದು ಲೆಕ್ಕ.